ಮೂರು ಸೆಂಟಿಮೀಟರ್ ಅಂತರ

2021ರ ಫೆಬ್ರುವರಿ ಮಧ್ಯದ ಹೊತ್ತಿಗೆ ಮಹಾರಾಷ್ಟ್ರದಲ್ಲಿ ದಿನಕ್ಕೆ ಸುಮಾರು 3,500 ಹೊಸ ಕೋವಿಡ್ ಪ್ರಕರಣ ಬರುತ್ತಿದ್ದವು. ಕರ್ನಾಟಕದಲ್ಲಿ ಸುಮಾರು 400. ಏಪ್ರಿಲ್ 1ರಂದು ಮಹಾರಾಷ್ಟ್ರದ ಒಂದು ದಿನದ ಲೆಕ್ಕ 43,183ಕ್ಕೆ ಹೋಯಿತು, ಕರ್ನಾಟಕದ್ದು 4,234ಕ್ಕೆ ಬಂತು. ನಿಪ್ಪಾಣಿ ತಾಲ್ಲೂಕಿನ ಕೊಗನೋಳಿ ಚೆಕ್‌ಪೋಸ್ಟ್‌ನಲ್ಲಿ ಕೊಲ್ಲಾಪುರದ ಕಡೆಯಿಂದ ಬಂದ ಗಾಡಿಗಳನ್ನು ನಿಲ್ಲಿಸಿ ಆರ್‌ಟಿ-ಪಿಸಿಆರ್ ವರದಿ ಕೇಳುತ್ತಿದ್ದ ಕಾಲ ಅದು. ಮೀರಜ್ ಕಡೆಯಿಂದ ಕಾಗವಾಡಕ್ಕೆ ಬರುವ ರಸ್ತೆಯಲ್ಲೂ ತಪಾಸಣೆ ಇತ್ತು. ನಮ್ಮ ಭಾಗದ ಚಹಾದಂಗಡಿಗಳಲ್ಲಿ ಆಗ ಕೇಳಿಬರುತ್ತಿದ್ದ ಮಾತು ಹೆಚ್ಚು ಕಡಿಮೆ ಒಂದೇ: "ಅದೆಲ್ಲಾ ಮಹಾರಾಷ್ಟ್ರದಾಗ ಐತ್ರಿ, ನಮ್ಮ ಕಡೆ ಎಲ್ಲೈತಿ?"

ಟಿ.ವಿ.ಯಲ್ಲಿ ಬರುತ್ತಿದ್ದ ಗ್ರಾಫ್ ನೋಡಿದವರಿಗೆ ಆ ಮಾತು ಸುಳ್ಳು ಅನ್ನಿಸುವಂತಿರಲಿಲ್ಲ. ಹದಿನೆಂಟು ಸೆಂಟಿಮೀಟರ್ ಎತ್ತರದ ಗ್ರಾಫ್ ಹಾಳೆ ತೆಗೆದುಕೊಂಡು, ಮೇಲಿನ ಅಂಚನ್ನು 45,000 ಎಂದು ಗುರುತಿಸಿ, ಈ ಎರಡು ರಾಜ್ಯಗಳ ಗೆರೆ ಎಳೆದು ನೋಡಿ. ಮಹಾರಾಷ್ಟ್ರದ ಗೆರೆ ಒಂದೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಕೆಳಗಿನಿಂದ ಹೊರಟು ಹದಿನೇಳು ಸೆಂಟಿಮೀಟರ್ ದಾಟಿ ನಿಲ್ಲುತ್ತದೆ. ಕರ್ನಾಟಕದ್ದು ಒಂದೂವರೆ ಮಿಲಿಮೀಟರಿನಿಂದ ಹೊರಟು ಒಂದು ಮುಕ್ಕಾಲು ಸೆಂಟಿಮೀಟರಿಗೂ ಬರುವುದಿಲ್ಲ. ಒಂದು ಗುಡ್ಡ, ಇನ್ನೊಂದು ಅದರ ಬುಡದ ಬದು. ಎರಡರ ನಡುವಿನ ಅಂತರವೂ ದಿನದಿಂದ ದಿನಕ್ಕೆ ಹಿಗ್ಗುತ್ತಲೇ ಹೋದಂತೆ ಕಾಣುತ್ತದೆ. ನೋಡಿದವರು "ಅವರದು ಏರುತ್ತಿದೆ, ನಮ್ಮದು ಸುಮ್ಮನಿದೆ" ಎಂದೇ ಅಂದುಕೊಳ್ಳುತ್ತಾರೆ.

ಈಗ ಗೆರೆ ಬಿಟ್ಟು ಲೆಕ್ಕ ಹಾಕಿ. 3,500 ಇದ್ದದ್ದು 43,183 ಆಯಿತು ಎಂದರೆ ಸುಮಾರು ಹನ್ನೆರಡು ಪಟ್ಟು. 400 ಇದ್ದದ್ದು 4,234 ಆಯಿತು ಎಂದರೆ ಹತ್ತೂವರೆ ಪಟ್ಟು. ಒಂದೂವರೆ ತಿಂಗಳಲ್ಲಿ ಎರಡೂ ರಾಜ್ಯಗಳು ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಬೆಳೆದಿದ್ದವು. ಗಡಿ ಕಲ್ಲಿನ ಈಚೆ ಇದ್ದವರು ಹಿಂದೆ ಉಳಿದಿದ್ದರೇ ಹೊರತು ನಿಂತಿರಲಿಲ್ಲ. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸುವುದಕ್ಕೆ ಬೇರೆ ಬಗೆಯ ಅಕ್ಷ ಬೇಕು. ಅದೇ ಲಾಗ್ ಅಕ್ಷ.

ಸಾದಾ ಅಕ್ಷದಲ್ಲಿ ಒಂದು ಸೆಂಟಿಮೀಟರ್ ಮೇಲೆ ಹೋದರೆ ಇಂತಿಷ್ಟು ಸಂಖ್ಯೆ ಕೂಡುತ್ತದೆ. ಲಾಗ್ ಅಕ್ಷದಲ್ಲಿ ಇಂತಿಷ್ಟು ಮೇಲೆ ಹೋದರೆ ಸಂಖ್ಯೆ ಇಂತಿಷ್ಟು ಪಟ್ಟು ಆಗುತ್ತದೆ. ವ್ಯತ್ಯಾಸ ಅಷ್ಟೇ. ಅಂಗಡಿಯಲ್ಲಿ ಸೆಮಿಲಾಗ್ ಹಾಳೆ ಸಿಗದಿದ್ದರೆ ಮಕ್ಕಳ ಸಾದಾ ಗ್ರಾಫ್ ಹಾಳೆಯಲ್ಲೇ ಮಾಡಿಕೊಳ್ಳಬಹುದು. ಎಡಬದಿಯ ಬುಡದಲ್ಲಿ 1 ಎಂದು ಬರೆಯಿರಿ. ಮೂರು ಸೆಂಟಿಮೀಟರ್ ಮೇಲೆ 10, ಇನ್ನು ಮೂರು ಮೇಲೆ 100, ಹಾಗೇ ಸಾವಿರ, ಹತ್ತು ಸಾವಿರ, ಲಕ್ಷ. ಹದಿನೆಂಟನೇ ಸೆಂಟಿಮೀಟರಿಗೆ ಹತ್ತು ಲಕ್ಷ ಬರುತ್ತದೆ. ನಡುವಿನ ಸಂಖ್ಯೆಗಳಿಗೆ ಪಿಯುಸಿಯ ಲಾಗ್ ಟೇಬಲ್ ಸಾಕು. 2ರ ಲಾಗ್ 0.301, ಅಂದರೆ ಪ್ರತಿ ಮೂರು ಸೆಂಟಿಮೀಟರಿನ ಮನೆಯಲ್ಲಿ 2, 20, 200 ಬರುವುದು ಬುಡದಿಂದ 9 ಮಿಲಿಮೀಟರ್ ಮೇಲೆ. 5ರ ಲಾಗ್ 0.699, ಆದ್ದರಿಂದ 5, 50, 500ರ ಗುರುತು 21 ಮಿಲಿಮೀಟರಿಗೆ. ಅಡ್ಡ ಅಕ್ಷದಲ್ಲಿ ದಿನಾಂಕಗಳು ಎಂದಿನಂತೆ ಸಮ ಅಂತರದಲ್ಲೇ ಇರುತ್ತವೆ, ಅದಕ್ಕೆ ಕೈ ಹಚ್ಚುವುದು ಬೇಡ.

ಕಂಪ್ಯೂಟರಿನಲ್ಲಿ ಇಷ್ಟು ಕೆಲಸವೂ ಇಲ್ಲ. ಎಕ್ಸೆಲ್‌ನಲ್ಲಿ ಲಂಬ ಅಕ್ಷದ ಮೇಲೆ ಬಲಗಡೆಯ ಗುಂಡಿ ಒತ್ತಿ Format Axis ಒಳಗೆ Logarithmic scale ಮುಂದೆ ಟಿಕ್ ಹಾಕಿದರೆ ಮುಗಿಯಿತು. ಆದರೂ ಒಮ್ಮೆ ಕೈಯಲ್ಲಿ ಗೆರೆ ಹಾಕಿ ನೋಡುವುದು ಒಳ್ಳೆಯದು. 100ಕ್ಕೂ 1,000ಕ್ಕೂ ನಟ್ಟನಡುವೆ ಇರುವುದು 550 ಅಲ್ಲ, 316 ಎಂಬುದು ಆಗ ಬೆರಳಿಗೇ ತಿಳಿಯುತ್ತದೆ. ಈ ಬಗೆಯ ಗ್ರಾಫ್ ಓದುವಾಗ ಹೆಚ್ಚಿನವರು ಎಡವುವುದು ಇಲ್ಲೇ.

ಆ ಹಾಳೆಯ ಮೇಲೆ ಎರಡು ರಾಜ್ಯಗಳನ್ನು ಮತ್ತೆ ಇಡೋಣ. ಫೆಬ್ರುವರಿ ಮಧ್ಯದಲ್ಲಿ ಮಹಾರಾಷ್ಟ್ರದ ಚುಕ್ಕೆ ಕರ್ನಾಟಕದ ಚುಕ್ಕೆಗಿಂತ 2.8 ಸೆಂಟಿಮೀಟರ್ ಮೇಲಿದೆ. ಏಪ್ರಿಲ್ 1ರಂದು 3 ಸೆಂಟಿಮೀಟರ್ ಮೇಲಿದೆ. ಒಂದೂವರೆ ತಿಂಗಳಲ್ಲಿ ಮಹಾರಾಷ್ಟ್ರದ ಗೆರೆ 3.3 ಸೆಂಟಿಮೀಟರ್ ಏರಿದರೆ ಕರ್ನಾಟಕದ್ದು 3.1 ಏರಿದೆ. ರೈಲು ಹಳಿಗಳ ಹಾಗೆ ಎರಡೂ ಜೊತೆಜೊತೆಯಾಗಿ ಮೇಲೇರುತ್ತಿವೆ. ಗುಡ್ಡವೂ ಇಲ್ಲ, ಬದುವೂ ಇಲ್ಲ.

ಮಹಾರಾಷ್ಟ್ರದ ಜನಸಂಖ್ಯೆ ಕರ್ನಾಟಕದ್ದಕ್ಕಿಂತ ಬಹಳ ದೊಡ್ಡದಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. 2011ರ ಜನಗಣತಿಯಂತೆ ಅಲ್ಲಿ 11.24 ಕೋಟಿ, ಇಲ್ಲಿ 6.11 ಕೋಟಿ. ಆದರೆ ಜನಸಂಖ್ಯೆಯಿಂದ ಭಾಗಿಸಿದರೂ ಲಾಗ್ ಹಾಳೆಯಲ್ಲಿ ಗೆರೆಯ ಓಟ ಬದಲಾಗುವುದಿಲ್ಲ. ಇಡೀ ಗೆರೆ ಒಂದಿಷ್ಟು ಕೆಳಗೆ ಜಾರಿ ಕೂರುತ್ತದೆ, ಅಷ್ಟೇ. ಒಂದು ಸಂಖ್ಯೆಯಿಂದ ಭಾಗಿಸುವುದು ಎಂದರೆ ಲಾಗ್ ಲೆಕ್ಕದಲ್ಲಿ ಒಂದು ಸಂಖ್ಯೆಯನ್ನು ಕಳೆಯುವುದು. ಎಲ್ಲ ಚುಕ್ಕೆಗಳೂ ಒಂದೇ ಅಳತೆ ಇಳಿದರೆ ಇಳಿಜಾರು ಹೇಗೆ ಬದಲಾದೀತು?

ಆ ಏಪ್ರಿಲ್ 1ರಂದು ಕರ್ನಾಟಕದ ಗೆರೆಯನ್ನು ಸ್ಕೇಲ್ ಹಿಡಿದು ಮುಂದಕ್ಕೆ ಎಳೆದಿದ್ದರೆ ಏನು ಕಾಣುತ್ತಿತ್ತು? ಏಪ್ರಿಲ್ 1ರ ಕರ್ನಾಟಕ ಫೆಬ್ರುವರಿ ಮಧ್ಯದ ಮಹಾರಾಷ್ಟ್ರದ ಜಾಗಕ್ಕೆ ಬಂದಿತ್ತು. ಅದೇ ಓಟ ಮುಂದುವರಿದರೆ ಇನ್ನು ಒಂದೂವರೆ ತಿಂಗಳಿಗೆ, ಅಂದರೆ ಮೇ ಮಧ್ಯಕ್ಕೆ, ದಿನಕ್ಕೆ ಸುಮಾರು 45,000 ಪ್ರಕರಣ. ನಡೆದದ್ದು ಅದಕ್ಕಿಂತ ಬೇಗ. ಏಪ್ರಿಲ್ 30ರಂದೇ ಕರ್ನಾಟಕದಲ್ಲಿ 48,296 ಹೊಸ ಪ್ರಕರಣ ದಾಖಲಾದವು, ಮೇ 5ರಂದು 50,112. ಹನ್ನೊಂದು ಪಟ್ಟು ಏರಲು ಮೂವತ್ತು ದಿನವೂ ಹಿಡಿಯಲಿಲ್ಲ. ಏಪ್ರಿಲ್‌ನಲ್ಲಿ ಗೆರೆ ಇನ್ನಷ್ಟು ನಿಟಾರಾಗಿತ್ತು. ಲಾಗ್ ಹಾಳೆಯ ನೇರ ಗೆರೆ ಭವಿಷ್ಯ ಹೇಳುವುದಿಲ್ಲ. "ಈಗಿನ ವೇಗ ಹೀಗೇ ಇದ್ದರೆ" ಎಂಬ ಷರತ್ತಿನ ಮೇಲೆ ಮಾತ್ರ ಅದು ಮಾತಾಡುತ್ತದೆ. ಷರತ್ತು ಮುರಿದಾಗ ಗೆರೆ ಬಾಗುತ್ತದೆ, ಆ ಬಾಗು ಮಾತ್ರ ಈ ಹಾಳೆಯಲ್ಲಿ ತಕ್ಷಣ ಕಣ್ಣಿಗೆ ಬೀಳುತ್ತದೆ.

ಹಿಂದಿನ ವರ್ಷದ ಕಥೆಯನ್ನೂ ಇದೇ ಹಾಳೆಯಲ್ಲಿ ಓದಬಹುದು. ಈ ಬಾರಿ ದಿನದ ಲೆಕ್ಕ ಬಿಟ್ಟು ಒಟ್ಟು ಪ್ರಕರಣಗಳನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಆ ದಿನಗಳಲ್ಲಿ ಪತ್ರಿಕೆಗಳು ಮುಖಪುಟದಲ್ಲಿ ಹಾಕುತ್ತಿದ್ದದ್ದು ಅದನ್ನೇ. ಕರ್ನಾಟಕದ ಮೊದಲ ಪ್ರಕರಣ ಗೊತ್ತಾದದ್ದು 2020ರ ಮಾರ್ಚ್ 9ರ ಸುಮಾರಿಗೆ. ಮಾರ್ಚ್ 31ಕ್ಕೆ 101. ಮೇ 15ಕ್ಕೆ 1,056. ಜೂನ್ 24ಕ್ಕೆ 10,118. ಜುಲೈ 27ಕ್ಕೆ 1,01,465.

ಹತ್ತು ಲಕ್ಷವನ್ನು ಹದಿನೆಂಟನೇ ಸೆಂಟಿಮೀಟರಿಗೆ ಇಟ್ಟ ಸಾದಾ ಹಾಳೆಯಲ್ಲಿ ಮಾರ್ಚ್ ಕೊನೆಯ ಚುಕ್ಕೆ ಬುಡದಿಂದ 0.02 ಮಿಲಿಮೀಟರ್ ಮೇಲಿರುತ್ತದೆ. ಮೇ ಮಧ್ಯದ್ದು 0.2 ಮಿಲಿಮೀಟರ್. ಪೆನ್ಸಿಲ್ ಗೆರೆಯ ದಪ್ಪವೇ ಇದಕ್ಕಿಂತ ಹೆಚ್ಚು. ಜೂನ್ 24ರದು ಎರಡು ಮಿಲಿಮೀಟರಿಗೂ ಕಡಿಮೆ, ಜುಲೈ 27ರದು 18 ಮಿಲಿಮೀಟರ್. ಮೂರೂವರೆ ತಿಂಗಳು ಏನೂ ಆಗಲಿಲ್ಲ, ಜುಲೈನಲ್ಲಿ ಇದ್ದಕ್ಕಿದ್ದಂತೆ ಸಿಡಿಯಿತು ಎಂದು ಆ ಗೆರೆ ಹೇಳುತ್ತದೆ. "ಕೊರೊನಾ ಸ್ಫೋಟ" ಎಂಬ ತಲೆಬರಹಗಳು ಆ ತಿಂಗಳು ಯಾವ ಮೂಲೆಯಲ್ಲೂ ಕಡಿಮೆ ಇರಲಿಲ್ಲ.

ಲಾಗ್ ಹಾಳೆ ಹೇಳುವುದು ಬೇರೆ. ಮೊದಲ ಮೂರು ವಾರಗಳಲ್ಲಿ ಗೆರೆ ಆರು ಸೆಂಟಿಮೀಟರ್ ಏರುತ್ತದೆ, ಏಣಿ ಗೋಡೆಗೆ ಒರಗಿಸಿದಷ್ಟು ನಿಟಾರಾಗಿ. ಏಪ್ರಿಲ್ ತಿಂಗಳ ಲಾಕ್‌ಡೌನ್‌ನಲ್ಲಿ ಬಾಗುತ್ತದೆ. 101ರಿಂದ 1,056ಕ್ಕೆ ಹೋಗಲು ನಲವತ್ತೈದು ದಿನ ತೆಗೆದುಕೊಳ್ಳುತ್ತದೆ. ಅಲ್ಲಿಂದ ಮುಂದಿನ ಹತ್ತು ಪಟ್ಟಿಗೆ ನಲವತ್ತು ದಿನ, ಅದರ ಮುಂದಿನ ಹತ್ತು ಪಟ್ಟಿಗೆ ಮೂವತ್ತಮೂರು. ಸಿಡಿತ ಎಲ್ಲೂ ಇಲ್ಲ. ಲಾಕ್‌ಡೌನ್ ಸಡಿಲವಾದ ಮೇಲೆ ಓಟ ಸ್ವಲ್ಪ ಸ್ವಲ್ಪವೇ ಚುರುಕಾಗಿದೆ. ಜುಲೈನ ಲಕ್ಷ ಮೇ ತಿಂಗಳಲ್ಲೇ ಹೊರಟು ದಾರಿಯಲ್ಲಿತ್ತು.

ಹತ್ತು ಪಟ್ಟಿಗೆ ಎಷ್ಟು ದಿನ ಎಂದು ಗೊತ್ತಾದರೆ ಎರಡು ಪಟ್ಟಿಗೆ ಎಷ್ಟು ಎಂದು ತಿಳಿಯುವುದು ಸುಲಭ, 0.301ರಿಂದ ಗುಣಿಸಿದರಾಯಿತು. ನಲವತ್ತೈದು ದಿನಕ್ಕೆ ಹದಿಮೂರೂವರೆ ದಿನ, ನಲವತ್ತಕ್ಕೆ ಹನ್ನೆರಡು, ಮೂವತ್ತಮೂರಕ್ಕೆ ಹತ್ತು. ಹಾಳೆ ಎದುರಿಗಿದ್ದರೆ ಗುಣಿಸುವುದೂ ಬೇಡ, ಗೆರೆ 9 ಮಿಲಿಮೀಟರ್ ಏರಲು ಎಷ್ಟು ದಿನ ಹಿಡಿಯಿತು ಎಂದು ಸ್ಕೇಲ್ ಇಟ್ಟು ನೋಡಿದರೆ ಸಾಕು. ಆ ವರ್ಷ ಆರೋಗ್ಯ ಅಧಿಕಾರಿಗಳು ಪತ್ರಿಕಾಗೋಷ್ಠಿಗಳಲ್ಲಿ ಹೇಳುತ್ತಿದ್ದ "ಡಬ್ಲಿಂಗ್ ರೇಟ್" ಇದೇ.

ಇಷ್ಟು ಓದಿದವರಿಗೆ ಲಾಗ್ ಅಕ್ಷವೇ ಸರಿ, ಸಾದಾ ಅಕ್ಷ ಮೋಸ ಅನ್ನಿಸಿರಬಹುದು. ಹಾಗಲ್ಲ ಎಂದು ತೋರಿಸುವುದಕ್ಕೂ ಕರ್ನಾಟಕದ ಅದೇ ಒಟ್ಟು ಲೆಕ್ಕ ಸಾಕು. 2021ರ ಏಪ್ರಿಲ್ 1ರಂದು ರಾಜ್ಯದ ಒಟ್ಟು ಪ್ರಕರಣ 10,01,238 ಆದವು. ಮೇ 11ರಂದು 20,13,193. ಹಾಸಿಗೆ ಸಿಗದೆ, ಆಕ್ಸಿಜನ್ ಸಿಗದೆ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ನಲವತ್ತು ದಿನಗಳವು. ಆ ಹಿಂದಿನ ಒಂದು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಎಷ್ಟು ಮಂದಿಗೆ ಸೋಂಕು ತಗುಲಿದ್ದು ಗೊತ್ತಾಗಿತ್ತೋ ಅಷ್ಟೇ ಮಂದಿಗೆ ಆ ನಲವತ್ತು ದಿನಗಳಲ್ಲಿ ತಗುಲಿತ್ತು. ನಮ್ಮ ಲಾಗ್ ಹಾಳೆಯಲ್ಲಿ ಅದಕ್ಕೆ ಸಿಗುವ ಜಾಗ ಹದಿನೆಂಟನೇ ಸೆಂಟಿಮೀಟರಿನ ಮೇಲೆ 9 ಮಿಲಿಮೀಟರ್. 2020ರ ಮಾರ್ಚ್‌ನಲ್ಲಿ ಒಬ್ಬರಿಂದ ಇಬ್ಬರಾದದ್ದಕ್ಕೆ ಸಿಕ್ಕಿದ್ದೂ 9 ಮಿಲಿಮೀಟರೇ. ಸಾದಾ ಹಾಳೆಯಾಗಿದ್ದರೆ ಆ ಏರಿಕೆಗೆ ಇನ್ನೊಂದು ಹಾಳೆ ಅಂಟಿಸಿ ಮತ್ತೆ ಹದಿನೆಂಟು ಸೆಂಟಿಮೀಟರ್ ಗೆರೆ ಎಳೆಯಬೇಕಿತ್ತು.

ಆಸ್ಪತ್ರೆಯ ಹಾಸಿಗೆಗೆ ಪಟ್ಟಿನ ಲೆಕ್ಕ ತಿಳಿಯುವುದಿಲ್ಲ, ತಲೆ ಲೆಕ್ಕ ಮಾತ್ರ ತಿಳಿಯುತ್ತದೆ. ಚಿಕ್ಕೋಡಿಯಲ್ಲೋ ಅಥಣಿಯಲ್ಲೋ ನಾಳೆ ಎಷ್ಟು ಆಕ್ಸಿಜನ್ ಸಿಲಿಂಡರ್ ಬೇಕು ಎಂದು ಲೆಕ್ಕ ಹಾಕುವವರಿಗೆ ಸಾದಾ ಅಕ್ಷವೇ ಬೇಕು. ರೋಗ ಯಾವ ವೇಗದಲ್ಲಿ ಹಬ್ಬುತ್ತಿದೆ, ಹೋದ ವಾರಕ್ಕಿಂತ ಈ ವಾರ ಚುರುಕಾಯಿತೇ ಮಂದವಾಯಿತೇ ಎಂದು ಕೇಳುವವರಿಗೆ ಲಾಗ್ ಅಕ್ಷ. ಎರಡನೆಯ ಪ್ರಶ್ನೆಗೂ ಒಟ್ಟು ಲೆಕ್ಕದ ಗೆರೆ ಕೆಲಸಕ್ಕೆ ಬರುವುದು ರೋಗ ಹೊಸದಾಗಿದ್ದಾಗ ಮಾತ್ರ. ಹಳೆಯ ಹತ್ತು ಲಕ್ಷ ಬುಡದಲ್ಲಿ ಕೂತಿರುವಾಗ ಹೊಸ ಅಲೆ ಎದ್ದರೂ ಒಟ್ಟು ಸಂಖ್ಯೆ ಹಲವು ಪಟ್ಟು ಆಗುವುದಿಲ್ಲ. ಎರಡನೇ ಅಲೆಯನ್ನು ಲಾಗ್ ಹಾಳೆಯಲ್ಲಿ ನೋಡಬೇಕಾದರೆ ದಿನದ ಹೊಸ ಪ್ರಕರಣಗಳನ್ನೇ ಇಡಬೇಕು. ಆಗ ಏಪ್ರಿಲ್ 1ರ 4,234ರಿಂದ ಮೇ 5ರ 50,112ರವರೆಗೆ ಗೆರೆ ಮೂರು ಸೆಂಟಿಮೀಟರಿಗಿಂತ ಹೆಚ್ಚೇ ಏರಿ ತನ್ನ ನಿಜರೂಪ ತೋರಿಸುತ್ತದೆ.

ತಾಲ್ಲೂಕಿನ ಮಟ್ಟಕ್ಕೆ ಇಳಿದರೆ ಬೇರೆಯ ತೊಂದರೆ. 2020ರ ಏಪ್ರಿಲ್‌ನಲ್ಲಿ ರಾಯಬಾಗ ತಾಲ್ಲೂಕಿನ ಕುಡಚಿ ಬೆಳಗಾವಿ ಜಿಲ್ಲೆಯ ಹಾಟ್‌ಸ್ಪಾಟ್‌ಗಳಲ್ಲಿ ಒಂದಾಗಿತ್ತು. ಅಂಥ ಊರಿನ ಅಂಕಿಗಳು ಆಗ ಒಂದಂಕಿ, ಎರಡಂಕಿಯವು. ಒಂದು ಊರಿನಲ್ಲಿ ಸೋಮವಾರ 2, ಮಂಗಳವಾರ 0, ಬುಧವಾರ 5 ಎಂದು ಇಟ್ಟುಕೊಳ್ಳಿ. ಮಂಗಳವಾರದ ಚುಕ್ಕೆಯನ್ನು ಎಲ್ಲಿ ಇಡುವುದು? ಲಾಗ್ ಅಕ್ಷದಲ್ಲಿ ಸೊನ್ನೆಗೆ ಜಾಗವೇ ಇಲ್ಲ. 1ರ ಕೆಳಗೆ 0.1, ಅದರ ಕೆಳಗೆ 0.01, ಹೀಗೆ ಹಾಳೆ ಇಳಿಯುತ್ತಲೇ ಹೋಗುತ್ತದೆ ಹೊರತು ಸೊನ್ನೆಯನ್ನು ಮುಟ್ಟುವುದಿಲ್ಲ. ಕೆಲವು ಸಾಫ್ಟ್‌ವೇರ್ ಆ ದಿನವನ್ನು ಸದ್ದಿಲ್ಲದೆ ಕೈಬಿಟ್ಟು ಸೋಮವಾರದಿಂದ ಬುಧವಾರಕ್ಕೆ ಗೆರೆ ಎಳೆದುಬಿಡುತ್ತವೆ. ಓದುವವರಿಗೆ ನಡುವೆ ಒಂದು ದಿನ ಪ್ರಕರಣವೇ ಇರಲಿಲ್ಲ ಎಂಬುದು ಗೊತ್ತಾಗುವುದೇ ಇಲ್ಲ. ಏಳು ದಿನದ ಸರಾಸರಿ ತೆಗೆದು ಅದನ್ನು ಇಡುವುದು ಇದಕ್ಕೆ ಸಾಮಾನ್ಯ ಪರಿಹಾರ. ಅದಕ್ಕಿಂತ ಮುಖ್ಯ, 2 ಇದ್ದದ್ದು 5 ಆದಾಗ ಗೆರೆ 12 ಮಿಲಿಮೀಟರ್ ಜಿಗಿಯುತ್ತದೆ. ಒಂದು ಮನೆಯ ಮೂವರ ವರದಿ ಒಂದೇ ದಿನ ಬಂದರೆ ಸಾಕು, ಇಡೀ ತಾಲ್ಲೂಕು ಹೊತ್ತಿ ಉರಿದಂತೆ ಕಾಣುತ್ತದೆ. ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯಲ್ಲಿ ಜಾನ್ ಬರ್ನ್-ಮರ್ಡಾಕ್ 2020ರಲ್ಲಿ ಮಾಡುತ್ತಿದ್ದ, ಜಗತ್ತೆಲ್ಲ ಹಂಚಿಕೊಂಡ ಲಾಗ್ ಗ್ರಾಫ್‌ಗಳಲ್ಲಿ ಪ್ರತಿ ದೇಶದ ಗೆರೆಯನ್ನು ನೂರನೇ ಪ್ರಕರಣದಿಂದ ಶುರು ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ. ಚಿಕ್ಕ ಸಂಖ್ಯೆಗಳ ಈ ಕುಣಿತ ಅದರಿಂದ ಹೊರಗೆ ಉಳಿಯುತ್ತಿತ್ತು, ಬೇರೆ ಬೇರೆ ದಿನ ಹೊರಟ ದೇಶಗಳನ್ನು ಒಂದೇ ಗೆರೆಯಿಂದ ಓಡಿಸಿ ನೋಡುವುದಕ್ಕೂ ಆಗುತ್ತಿತ್ತು.

ಲಾಗ್ ಅಕ್ಷದ ಮೇಲೆ ಕಂಬಗಳ ಗ್ರಾಫ್ ಹಾಕುವವರೂ ಇದ್ದಾರೆ. ಅದು ಸುಮ್ಮನೆ ತಪ್ಪು. ಕಂಬದ ಎತ್ತರಕ್ಕೆ ಅರ್ಥ ಬರುವುದು ಅದರ ಬುಡ ಸೊನ್ನೆಯಲ್ಲಿ ಇದ್ದಾಗ. ಇಲ್ಲಿ ಬುಡವನ್ನು 1ಕ್ಕೆ ಇಟ್ಟರೆ ಒಂದು ಎತ್ತರ, 100ಕ್ಕೆ ಇಟ್ಟರೆ ಇನ್ನೊಂದು.

ಗ್ರಾಫ್ ಹಾಕುವವರು ಸರಿಯಾಗಿ ಹಾಕಿದರೂ ಓದುವವರು ಸರಿಯಾಗಿ ಓದುತ್ತಾರೆ ಎಂಬ ಭರವಸೆ ಇಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2020ರಲ್ಲಿ ಅಮೆರಿಕದ ಜನರಿಗೆ ಕೋವಿಡ್ ಸಾವಿನ ಗ್ರಾಫ್ ತೋರಿಸಿ ಒಂದು ಸರಳ ಪ್ರಶ್ನೆ ಕೇಳಿದರು. ಸಾದಾ ಅಕ್ಷ ನೋಡಿದವರಲ್ಲಿ ಸುಮಾರು 84% ಮಂದಿ ಸರಿಯುತ್ತರ ಕೊಟ್ಟರು, ಲಾಗ್ ಅಕ್ಷ ನೋಡಿದವರಲ್ಲಿ ಸುಮಾರು 41% ಮಾತ್ರ. ಕನ್ನಡ ಪತ್ರಿಕೆ ಓದುವವರನ್ನು ಕೇಳಿದ್ದರೆ ಬೇರೆ ಫಲ ಬರುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಅಕ್ಷದ ಪಕ್ಕದಲ್ಲಿ "ಪ್ರತಿ ಗೆರೆಗೆ ಹತ್ತು ಪಟ್ಟು" ಎಂದು ನಾಲ್ಕು ಪದ ಅಚ್ಚು ಹಾಕಲು ಪತ್ರಿಕೆಗಳಿಗೆ ಏನು ಕಷ್ಟ ಎಂಬುದು ಮಾತ್ರ ನನಗೆ ಇಂದಿಗೂ ತಿಳಿಯದ ವಿಷಯ.

ಕೊನೆಗೆ ಎಲ್ಲರೂ ಕೇಳಿದ ಪ್ರಶ್ನೆ ಒಂದಿದೆ. ಪರೀಕ್ಷೆ ಮಾಡಿದ್ದೇ ಕಡಿಮೆ, ಲೆಕ್ಕಕ್ಕೆ ಬಂದದ್ದು ನಿಜದ ಒಂದು ಪಾಲು ಮಾತ್ರ, ಹಾಗಿರುವಾಗ ಈ ಗೆರೆಗಳಿಗೆ ಏನು ಬೆಲೆ? ಲಾಗ್ ಹಾಳೆ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ನಿಜವಾದ ಸೋಂಕಿನಲ್ಲಿ ಪ್ರತಿ ದಿನವೂ ಹತ್ತರಲ್ಲಿ ಒಂದು ಪಾಲು ಮಾತ್ರ ಸಿಕ್ಕಿದರೆ ಗೆರೆ ಮೂರು ಸೆಂಟಿಮೀಟರ್ ಕೆಳಗೆ ಕೂರುತ್ತದೆ, ಅದರ ಓಟ ಕೆಡುವುದಿಲ್ಲ. ಜನಸಂಖ್ಯೆಯಿಂದ ಭಾಗಿಸಿದಾಗ ಆದದ್ದೇ ಇಲ್ಲೂ. ಒಂದು ದಿನದಿಂದ ಪರೀಕ್ಷೆಗಳನ್ನು ದುಪ್ಪಟ್ಟು ಮಾಡಿ, ಅದರಿಂದ ಸಿಗುವ ಪಾಲೂ ದುಪ್ಪಟ್ಟಾದರೆ, ಗೆರೆ 9 ಮಿಲಿಮೀಟರ್ ಮೆಟ್ಟಿಲು ಹತ್ತಿ ಮತ್ತೆ ಹಳೆಯ ಇಳಿಜಾರಿನಲ್ಲೇ ಮುಂದೆ ಹೋಗುತ್ತದೆ. ಕೆಡುವುದು ಸಿಗುವ ಪಾಲೇ ದಿನೇ ದಿನೇ ಬದಲಾದಾಗ. ರೋಗ ಹಬ್ಬುತ್ತಿದ್ದು ಪ್ರಯೋಗಾಲಯಗಳು ದಿನಕ್ಕೆ ಇಷ್ಟೇ ಮಾದರಿ ನೋಡಲು ಸಾಧ್ಯ ಎಂಬ ಮಿತಿಗೆ ಬಂದು ನಿಂತರೆ, ಪ್ರಕರಣಗಳ ಗೆರೆ ಸುಳ್ಳೇ ಬಾಗಿ ಸಮಾಧಾನ ಹೇಳುತ್ತದೆ.

2021ರ ಮೇ ತಿಂಗಳಲ್ಲಿ ಕರ್ನಾಟಕದ ಗೆರೆ ಬಾಗಿತು. ಮೇ 5ರ 50,112 ಮೇ 31ಕ್ಕೆ 16,604 ಆಯಿತು, ಇಪ್ಪತ್ತಾರು ದಿನಗಳಲ್ಲಿ ಮೂರರಲ್ಲಿ ಒಂದು ಪಾಲು. ಲಾಗ್ ಹಾಳೆಯಲ್ಲಿ ಅದನ್ನು ಅದೇ ಇಳಿಜಾರಿನಲ್ಲಿ ಇನ್ನಿಪ್ಪತ್ತಾರು ದಿನ ಮುಂದಕ್ಕೆ ಎಳೆದರೆ ಜೂನ್ 26ಕ್ಕೆ ಸುಮಾರು 5,500 ಬರುತ್ತದೆ. ಆದರೆ ಮೇ ಮಧ್ಯದಲ್ಲಿ ಆ ಬಾಗನ್ನು ನಂಬುವ ಹಾಗಿರಲಿಲ್ಲ. ಪರೀಕ್ಷೆ ಮಾಡಿದ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಸೋಂಕು ಎಂಬ ಪಾಸಿಟಿವಿಟಿ ದರ ಆಗ 30% ದಾಟಿತ್ತು. ಅಂದರೆ ಗೆರೆ ಬಾಗಿದ್ದರಲ್ಲಿ ರೋಗ ತಗ್ಗಿದ್ದೆಷ್ಟು, ಪರೀಕ್ಷೆ ಸಾಲದೇ ಹೋದದ್ದೆಷ್ಟು ಎಂದು ಆ ಹಾಳೆ ನೋಡಿ ಬೇರ್ಪಡಿಸುವಂತಿರಲಿಲ್ಲ. ಜೂನ್ ಬರುವ ಹೊತ್ತಿಗೆ ಪಾಸಿಟಿವಿಟಿಯೂ ಇಳಿಯಿತು, ಜೂನ್ ಮಧ್ಯಕ್ಕೆ 5%ರ ಆಸುಪಾಸಿಗೆ ಬಂತು. ತಿಂಗಳ ಕೊನೆಯ ವಾರದಲ್ಲಿ ದಿನದ ಪ್ರಕರಣ 5,000ದ ಕೆಳಗೆ ಇಳಿದಿದ್ದವು.